ಎರಡು ನಿಮಿಷಕ್ಕೆ ಎಷ್ಟು ಕನ್ನಡ?

ಕಂಪನಿಯೊಂದು ತನ್ನ ಹೊಸ ಯಂತ್ರದ ಬಗ್ಗೆ ಎರಡು ನಿಮಿಷದ ವಿಡಿಯೊ ಮಾಡಿಸುತ್ತದೆ ಅಂದುಕೊಳ್ಳಿ. ಚಿತ್ರ ತೆಗೆಯುವವರು ಒಬ್ಬರು, ಸ್ಕ್ರಿಪ್ಟ್ ಬರೆಯುವವರು ಇನ್ನೊಬ್ಬರು, ಹಿನ್ನೆಲೆಯಲ್ಲಿ ಮಾತಾಡುವ ವಾಯ್ಸ್ ಆರ್ಟಿಸ್ಟ್ ಮತ್ತೊಬ್ಬರು. ಬರೆಯುವವರಿಗೆ ಬರುವ ಸೂಚನೆಯಲ್ಲಿ ಸಾಮಾನ್ಯವಾಗಿ ಒಂದು ಅಂಕಿ ಇರುತ್ತದೆ: ನಿಮಿಷಕ್ಕೆ 150 ಪದ, ಅಂದರೆ ಒಟ್ಟು 300 ಪದ. ಬರೆಯುವವರು ಎಣಿಸಿ ಮುನ್ನೂರೇ ಪದ ಬರೆದು ಕಳಿಸುತ್ತಾರೆ. ಡಬ್ಬಿಂಗ್ ಸ್ಟುಡಿಯೊದಲ್ಲಿ ಅದನ್ನು ಓದಲು ಕುಳಿತಾಗ ಎರಡು ನಿಮಿಷ ಕಳೆದರೂ ಎರಡನೇ ಪುಟ ಪೂರ್ತಿ ಬಾಕಿ.

"ಸರ್, ಇದು ಎರಡು ನಿಮಿಷದಲ್ಲಿ ಮುಗಿಯಲ್ಲ."

"ಯಾಕ್ರೀ, ಪದ ಎಣಿಸಿದ್ದೀವಲ್ಲ, ಮುನ್ನೂರೇ ಇದೆ. ಸ್ವಲ್ಪ ಫಾಸ್ಟಾಗಿ ಓದಿಸಿ."

ಈ ಮಾತುಕತೆ ಕನ್ನಡದ ಸ್ಟುಡಿಯೊಗಳಿಗೆ ಹೊಸದೇನಲ್ಲ. ಇಬ್ಬರೂ ಹೇಳುತ್ತಿರುವುದು ನಿಜ. ಎಣಿಕೆ ಸರಿ ಇದೆ, ಎಣಿಸಿದ ವಸ್ತು ತಪ್ಪು.

ನಿಮಿಷಕ್ಕೆ 150 ಪದ ಎನ್ನುವುದು ಇಂಗ್ಲಿಷ್ ಸ್ಕ್ರಿಪ್ಟ್ ಬರೆಯುವವರ ವಾಡಿಕೆ ಲೆಕ್ಕ. ಇಂಗ್ಲಿಷಿನ ಮಟ್ಟಿಗೆ ಅದು ಬಹುಪಾಲು ಕೆಲಸ ಮಾಡುತ್ತದೆ. ಅಲ್ಲಿ ಒಂದು ಪದ ಎಂದರೆ ಸರಾಸರಿ ಒಂದೂವರೆ ಉಚ್ಚಾರದಷ್ಟು ಉದ್ದ. ವಿಭಕ್ತಿಯ ಕೆಲಸ ಮಾಡುವ ಚೂರುಪಾರು ಪದಗಳೂ ಬಿಡಿಬಿಡಿಯಾಗಿ ನಿಂತು ಎಣಿಕೆಗೆ ಸಿಗುತ್ತವೆ. ಕನ್ನಡದಲ್ಲಿ ಅವೆಲ್ಲ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. 'ಮನೆ'ಯೂ ಒಂದೇ ಪದ, 'ಮನೆಯವರಿಗೆಲ್ಲರಿಗೂ' ಎಂಬುದೂ ಒಂದೇ ಪದ. ಕಂಪ್ಯೂಟರ್ ನೋಡುವುದು ನಡುವಿನ ಖಾಲಿ ಜಾಗವನ್ನು ಮಾತ್ರ. ಬಾಯಿಗೆ ಬೇಕಾದ ಹೊತ್ತು ಅದಕ್ಕೆ ಗೊತ್ತಿಲ್ಲ.

ಒಂದು ಉದಾಹರಣೆ ಹಿಡಿದೇ ಹೋಗೋಣ. ಎರಡು ಮೂರು ಹಸು ಸಾಕಿದವರಿಗಾಗಿ ಇರುವ ಸಣ್ಣ ಹಾಲು ಕರೆಯುವ ಯಂತ್ರ. ಮೋಟಾರು ಒಂದು ಪಂಪನ್ನು ತಿರುಗಿಸಿ ಗಾಳಿ ಎಳೆಯುತ್ತದೆ. ಪಲ್ಸೇಟರ್ ಎಂಬ ಸಣ್ಣ ಭಾಗ ಆ ಎಳೆತವನ್ನು ನಿಮಿಷಕ್ಕೆ ಸುಮಾರು 60 ಸಲ ಕೊಟ್ಟು ಬಿಡಿಸುತ್ತದೆ. ರಬ್ಬರಿನ ಒಳಪದರವಿರುವ ನಾಲ್ಕು ಕಪ್‌ಗಳು ಕರುವಿನ ಬಾಯಿಯಂತೆ ಹಿಡಿದು ಬಿಟ್ಟು ಮಾಡುತ್ತವೆ, ಹಾಲು ಪೈಪಿನಲ್ಲಿ ಹರಿದು ಕ್ಯಾನಿಗೆ ಇಳಿಯುತ್ತದೆ. ವಿಡಿಯೊ ಇದನ್ನು ತೋರಿಸಬೇಕು, ಹೇಗೆ ಬಳಸುವುದು ಎಂದು ಹೇಳಬೇಕು, ಕೊನೆಗೆ ಕಂಪನಿಯ ಹೆಸರು ನೆನಪಿನಲ್ಲಿ ಉಳಿಯಬೇಕು.

ಸ್ಕ್ರಿಪ್ಟಿನ ಒಂದು ಸಾಲು ಹೀಗಿದೆ: "ಕಪ್ ಹಾಕುವ ಮೊದಲು ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ." ಇದರಲ್ಲಿ 9 ಪದ. ನಿಮಿಷಕ್ಕೆ 150ರ ಲೆಕ್ಕ ಹಾಕಿದರೆ 3.6 ಸೆಕೆಂಡಿನಲ್ಲಿ ಮುಗಿಯಬೇಕು. ಗಡಿಯಾರ ಇಟ್ಟುಕೊಂಡು, ಎದುರಿಗೆ ಕುಳಿತ ರೈತರಿಗೆ ಹೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಆರು ಸೆಕೆಂಡಿನ ಆಸುಪಾಸು ಬೇಕಾಗುತ್ತದೆ.

ಈಗ ಪದ ಬಿಟ್ಟು ಅಕ್ಷರ ಎಣಿಸೋಣ. ಎಣಿಸುವ ರೀತಿ ಸರಳ. ಸ್ವರವಾಗಲಿ, ಗುಣಿತಾಕ್ಷರವಾಗಲಿ, ಒತ್ತಕ್ಷರವಾಗಲಿ, ಪ್ರತಿಯೊಂದೂ ಒಂದು. ಸೊನ್ನೆಗೆ ಬೇರೆ ಲೆಕ್ಕವಿಲ್ಲ. 'ಕಪ್' ಎಂಬಂತೆ ಅರ್ಧಕ್ಕೆ ನಿಲ್ಲುವ ವ್ಯಂಜನಕ್ಕೂ ಬೇರೆ ಲೆಕ್ಕವಿಲ್ಲ, ಅದು ಹಿಂದಿನ ಅಕ್ಷರದ ಜೊತೆ ಸೇರುತ್ತದೆ. ಹೀಗೆ ಎಣಿಸಿದರೆ 'ಕೆಚ್ಚಲನ್ನು' 4 ಅಕ್ಷರ, 'ಉಗುರುಬೆಚ್ಚಗಿನ' 7, ಇಡೀ ಸಾಲು 32. ನಿಧಾನವಾಗಿ ವಿವರಿಸುವ ಧ್ವನಿಗೆ, ವಾಕ್ಯದ ಕೊನೆಯ ಉಸಿರನ್ನೂ ಸೇರಿಸಿ, ಸೆಕೆಂಡಿಗೆ 5 ಅಕ್ಷರ ಎಂದು ನಾನು ಇಟ್ಟುಕೊಳ್ಳುತ್ತೇನೆ. ಚುರುಕಾದ ಜಾಹೀರಾತಿನ ದನಿಗೆ 6ರವರೆಗೆ ಹೋಗಬಹುದು. 32ನ್ನು 5ರಿಂದ ಭಾಗಿಸಿದರೆ 6.4 ಸೆಕೆಂಡ್. ಗಡಿಯಾರ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದರೆ 16 ಪದ ಬೇಕು. ನಿಮಿಷಕ್ಕೆ 150ರಂತೆ ಅದಕ್ಕೆ ಹಿಡಿಯುವ ಸಮಯವೂ 6.4 ಸೆಕೆಂಡ್! ದಶಾಂಶದವರೆಗೂ ಹೊಂದಿದ್ದು ಆಕಸ್ಮಿಕ, ಆದರೆ ಹತ್ತಿರ ಬಂದಿದ್ದು ಆಕಸ್ಮಿಕವಲ್ಲ. ಫ್ರಾನ್ಸಿನ ಲಿಯಾನ್‌ನ ಭಾಷಾವಿಜ್ಞಾನಿ ಫ್ರಾಂಸ್ವಾ ಪೆಲೆಗ್ರಿನೊ ಮತ್ತು ಸಂಗಡಿಗರು 17 ಭಾಷೆಗಳ ಓದನ್ನು ಅಳೆದು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಪಾನಿ ಭಾಷೆಯವರು ಉಚ್ಚಾರಗಳನ್ನು ಪಟಪಟನೆ ಉದುರಿಸುತ್ತಾರೆ, ಥಾಯ್ ಭಾಷೆಯವರು ನಿಧಾನ. ಆದರೆ ಸೆಕೆಂಡಿಗೆ ಕೇಳುಗರಿಗೆ ತಲುಪುವ ಮಾಹಿತಿಯ ಪ್ರಮಾಣ ಎಲ್ಲ ಭಾಷೆಗಳಲ್ಲೂ ಹತ್ತಿರ ಹತ್ತಿರ ಒಂದೇ ಎಂಬುದು ಅವರು ಕಂಡದ್ದು. ಆ ಹದಿನೇಳರಲ್ಲಿ ಕನ್ನಡ ಇಲ್ಲ. ಆದರೂ ಸ್ಕ್ರಿಪ್ಟ್ ಬರೆಯುವವರಿಗೆ ಇದರಿಂದ ಒಂದು ಧೈರ್ಯ ಸಿಗುತ್ತದೆ. ಎರಡು ನಿಮಿಷದಲ್ಲಿ ಇಂಗ್ಲಿಷಿನವರು ಹೇಳುವಷ್ಟನ್ನು ಕನ್ನಡದಲ್ಲೂ ಹೇಳಬಹುದು, 300 ಪದಗಳಲ್ಲಿ ಮಾತ್ರ ಹೇಳಲಾಗುವುದಿಲ್ಲ. ಮೇಲಿನ ಸಾಲಿನ ಸರಾಸರಿ ಪದಕ್ಕೆ ಮೂರೂವರೆ ಅಕ್ಷರ. ಅಂಥ 300 ಪದಗಳಿಗೆ 1050 ಅಕ್ಷರ, ಅಂದರೆ 210 ಸೆಕೆಂಡ್, ಮೂರೂವರೆ ನಿಮಿಷ. ಸ್ಟುಡಿಯೊದಲ್ಲಿ ಎರಡನೇ ಪುಟ ಬಾಕಿ ಉಳಿದದ್ದು ಇದಕ್ಕೇ.

ಹಾಗಾದರೆ ಕನ್ನಡಕ್ಕೆ ಬೇರೊಂದು ಅಂಕಿ ಕೊಟ್ಟುಬಿಡಿ, ನಿಮಿಷಕ್ಕೆ 85 ಪದ ಎಂದು ಬರೆದುಕೊಳ್ಳುತ್ತೇವೆ ಎಂದು ಕೇಳುವವರಿದ್ದಾರೆ. ಅದೂ ನಿಲ್ಲುವುದಿಲ್ಲ. ಯಾಕೆ ಎಂಬುದಕ್ಕೆ ಅದೇ ಸ್ಕ್ರಿಪ್ಟಿನ ಇನ್ನೊಂದು ಭಾಗ ನೋಡಿ. ಕಪ್ ಹಾಕುವ ದೃಶ್ಯ ತೆರೆಯ ಮೇಲೆ ಇರುವುದು 10 ಸೆಕೆಂಡ್. ಮೊದಲ ಕರಡು ಹೀಗಿತ್ತು:

"ಯಂತ್ರವನ್ನು ಚಾಲನೆಗೊಳಿಸಿದ ನಂತರ ನಾಲ್ಕು ಕಪ್‌ಗಳನ್ನು ಒಂದಾದ ಮೇಲೊಂದರಂತೆ ಮೊಲೆತೊಟ್ಟುಗಳಿಗೆ ಜೋಡಿಸಬೇಕಾಗುತ್ತದೆ. ನಿರ್ವಾತ ಒತ್ತಡದ ಸಹಾಯದಿಂದ ಹಾಲು ಸ್ವಯಂಚಾಲಿತವಾಗಿ ಪಾತ್ರೆಯಲ್ಲಿ ಸಂಗ್ರಹವಾಗುತ್ತದೆ."

ಪದ 16, ಅಕ್ಷರ 75, ಸಮಯ 15 ಸೆಕೆಂಡ್. ದೃಶ್ಯ ಮುಗಿದು ಐದು ಸೆಕೆಂಡ್ ಆದ ಮೇಲೂ ಮಾತು ಎಳೆಯುತ್ತಿರುತ್ತದೆ. ಅಷ್ಟರಲ್ಲಿ ತೆರೆಯ ಮೇಲೆ ಹಸುವಿನ ಬದಲು ಕ್ಯಾನು ತೊಳೆಯುವುದು ಬಂದಿರುತ್ತದೆ. ಎರಡನೇ ಕರಡು:

"ಮೋಟಾರ್ ಹಾಕಿ. ನಾಲ್ಕು ಕಪ್‌ಗಳನ್ನು ಒಂದೊಂದಾಗಿ ಮೊಲೆಗೆ ಸಿಕ್ಕಿಸಿ. ಕಪ್ ತಾನೇ ಹಿಡಿದುಕೊಳ್ಳುತ್ತೆ. ಹಾಲು ಪೈಪಿನಲ್ಲಿ ಇಳಿದು ಕ್ಯಾನಿಗೆ ಬೀಳುತ್ತೆ."

ಪದ 15, ಅಕ್ಷರ 44, ಸಮಯ 8.8 ಸೆಕೆಂಡ್. ಕಡಿಮೆಯಾದದ್ದು ಒಂದೇ ಒಂದು ಪದ, ಉಳಿದದ್ದು ಆರು ಸೆಕೆಂಡಿಗೂ ಹೆಚ್ಚು. ಮೊದಲ ಕರಡಿನ ಶೈಲಿಯಲ್ಲಿ ಬರೆದರೆ ನಿಮಿಷಕ್ಕೆ 64 ಪದ, ಎರಡನೆಯದರಲ್ಲಿ 102. ಓದಿದವರು ಒಬ್ಬರೇ, ನಾಲಿಗೆಯ ವೇಗ ಒಂದೇ. ಕನ್ನಡದಲ್ಲಿ 'ನಿಮಿಷಕ್ಕೆ ಇಷ್ಟು ಪದ' ಎಂಬ ಅಂಕಿ ಓದುವವರ ವೇಗವನ್ನಲ್ಲ, ಬರೆದವರ ಶೈಲಿಯನ್ನು ಅಳೆಯುತ್ತದೆ ಎಂದು ನಾನು ಹೇಳುವುದು ಇದರಿಂದ.

ಈ ಎರಡು ಕರಡುಗಳ ನಡುವೆ ಏನಾಯಿತು ಎಂದು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಹೊತ್ತು ನುಂಗುತ್ತಿದ್ದದ್ದು ಬಹುಮಟ್ಟಿಗೆ ಕ್ರಿಯಾಪದಗಳ ಬಾಲ. 'ಜೋಡಿಸಬೇಕಾಗುತ್ತದೆ' ಎಂಬ ಒಂದು ಪದಕ್ಕೆ 8 ಅಕ್ಷರ, 'ಸಿಕ್ಕಿಸಿ'ಗೆ 3. 'ತೊಳೆಯಬೇಕಾಗುತ್ತದೆ' 8, 'ತೊಳೆಯಿರಿ' 4. ಸರ್ಕಾರಿ ಸುತ್ತೋಲೆಗಳಿಂದಲೂ ಅನುವಾದಗಳಿಂದಲೂ ನಮ್ಮ ಕೈಗೆ ಬಂದಿರುವ 'ಮಾಡಲಾಗುತ್ತದೆ', 'ಒದಗಿಸಲಾಗಿರುತ್ತದೆ' ಧಾಟಿ ಕಾಗದದ ಮೇಲೆ ಬರೀ ಬೇಸರ ತರಿಸುತ್ತದೆ, ಧ್ವನಿಯಲ್ಲಿ ಅದಕ್ಕೆ ಬಾಡಿಗೆಯೂ ಕಟ್ಟಬೇಕು. ಒಂದು ಸ್ಕ್ರಿಪ್ಟಿನಲ್ಲಿ ಇಂಥ ಹನ್ನೆರಡು ಕ್ರಿಯಾಪದಗಳಿದ್ದು, ಪ್ರತಿಯೊಂದರಲ್ಲೂ ನಾಲ್ಕು ಅಕ್ಷರ ಇಳಿಸಿದರೆ ಹತ್ತು ಸೆಕೆಂಡ್ ಸಿಗುತ್ತದೆ. ವಿಷಯ ಒಂದೂ ಬಿಟ್ಟಿರುವುದಿಲ್ಲ.

ಆದರೆ ಚಿಕ್ಕದು ಮಾಡುವ ಹುರುಪಿನಲ್ಲಿ ಕಿವಿಯನ್ನು ಮರೆಯಬಾರದು. 'ಮೊಲೆತೊಟ್ಟುಗಳಿಗೆ' ಎಂಬ ಏಳು ಅಕ್ಷರವನ್ನು 'ತೊಟ್ಟಿಗೆ' ಎಂದು ಮೂರಕ್ಕೆ ಇಳಿಸುವ ಆಸೆ ಯಾರಿಗಾದರೂ ಆಗುತ್ತದೆ. ಕೊಟ್ಟಿಗೆಯಲ್ಲಿ ನೀರಿನ ತೊಟ್ಟಿಯೂ ಇರುತ್ತದಲ್ಲ! "ಕಪ್‌ಗಳನ್ನು ತೊಟ್ಟಿಗೆ ಹಾಕಿ" ಎಂದು ಕೇಳಿಸಿಕೊಂಡ ರೈತರು ಏನು ಮಾಡಬೇಕು? ಓದುವವರು ಹಿಂದಿನ ಸಾಲಿಗೆ ಕಣ್ಣು ಹಾಯಿಸಿ ಸರಿಪಡಿಸಿಕೊಳ್ಳುತ್ತಾರೆ, ಕೇಳುವವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ಅಲ್ಲಿ 'ಮೊಲೆಗೆ' ಉಳಿಯಿತು. ಅದೂ ಮೂರೇ ಅಕ್ಷರ, ಗೊಂದಲವಿಲ್ಲ.

ಇನ್ನೂ ಒಂದು ಕತ್ತರಿ ಬಾಕಿ ಇದೆ. "ಹಾಲು ಪೈಪಿನಲ್ಲಿ ಇಳಿದು ಕ್ಯಾನಿಗೆ ಬೀಳುತ್ತೆ" ಎಂಬುದನ್ನು ತೆರೆ ಆಗಲೇ ತೋರಿಸುತ್ತಿದೆ. ಪಾರದರ್ಶಕ ಪೈಪಿನಲ್ಲಿ ಬಿಳಿ ಹಾಲು ಓಡುವುದನ್ನು ನೋಡುತ್ತಿರುವವರಿಗೆ ಅದನ್ನೇ ಹೇಳುವುದೇಕೆ? ಆ 15 ಅಕ್ಷರ ತೆಗೆದರೆ ಮೂರು ಸೆಕೆಂಡ್ ಉಳಿಯಿತು. ಈಗ ಮಾತು 5.8 ಸೆಕೆಂಡಿನಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ಸೆಕೆಂಡ್ ಪಲ್ಸೇಟರಿನ ಟಕ್ ಟಕ್ ಸದ್ದಿಗೆ. ಯಂತ್ರದ ಸದ್ದಿಗೆ ಹಸು ಬೆದರುತ್ತದೆಯೇ ಎನ್ನುವುದು ಕೊಳ್ಳುವವರ ಮನಸ್ಸಿನಲ್ಲಿ ಇದ್ದೇ ಇರುವ ಪ್ರಶ್ನೆ. ಸದ್ದು ಎಷ್ಟು, ಹಸು ಹೇಗೆ ನಿಂತಿದೆ ಎಂಬುದು ಅವರಿಗೆ ಕೇಳಬೇಕು, ಕಾಣಬೇಕು. ಅಲ್ಲಿ ನಾವು ಮಾತಾಡಿದರೆ ನಷ್ಟ.

ಈ ಮೌನದ ಲೆಕ್ಕವನ್ನು ಬರೆಯುವ ಮೊದಲೇ ತೆಗೆದಿಡಬೇಕು. ಎರಡು ನಿಮಿಷದ ವಿಡಿಯೊ ಎಂದರೆ ಎರಡು ನಿಮಿಷದ ಮಾತಲ್ಲ. ನಮ್ಮ ಹಾಲಿನ ಯಂತ್ರದ 120 ಸೆಕೆಂಡಿನಲ್ಲಿ ಮೊದಲ 4 ಸೆಕೆಂಡ್ ಬೆಳಗಿನ ಕೊಟ್ಟಿಗೆ, ಕರುವಿನ ಕೂಗು, ಮಾತಿಲ್ಲ. ನಡುವೆ ಯಂತ್ರದ ಸದ್ದಿಗೆ 6. ಅದರಲ್ಲಿ ನಾಲ್ಕು ಈಗ ಕಪ್ ಹಾಕುವ ದೃಶ್ಯದಲ್ಲೇ ಸಿಕ್ಕಿತು. ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟುವಾಗ ಒಂದೊಂದು ಸೆಕೆಂಡಿನಂತೆ ಆರು ಕಡೆ 6. ಕೊನೆಗೆ ಕಂಪನಿಯ ಹೆಸರು, ಫೋನ್ ನಂಬರ್ ತೆರೆಯ ಮೇಲೆ ನಿಲ್ಲಲು 8. ಎಲ್ಲ ಸೇರಿ 24 ಹೋಯಿತು, ಮಾತಿಗೆ ಉಳಿದದ್ದು 96 ಸೆಕೆಂಡ್, ಅಂದರೆ 480 ಅಕ್ಷರ. ಈ 480ನ್ನು ದೃಶ್ಯಗಳಿಗೆ ಹಂಚಿಕೊಂಡು ಕೂತರೆ ಬರೆಯುವುದು ಅರ್ಧ ಸಲೀಸು. ಎಡಗಡೆ ದೃಶ್ಯ ಮತ್ತು ಅದರ ಸೆಕೆಂಡ್, ಬಲಗಡೆ ಮಾತು ಮತ್ತು ಅದರ ಅಕ್ಷರ. ಸ್ಕ್ರಿಪ್ಟ್ ಕಾಗದ ಎರಡು ಕಾಲಂ ಆಗಿ ಇರುವುದು ಈ ಹೊಂದಾಣಿಕೆಗಾಗಿಯೇ.

ಕನ್ನಡಕ್ಕೆ ಬರುವ ಎಷ್ಟೋ ವಿಡಿಯೊಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮೊದಲೇ ಸಿದ್ಧವಾಗಿರುತ್ತವೆ. ಆಗ ಚಿತ್ರ ಆ ಭಾಷೆಯ ಮಾತಿಗೆ ಕತ್ತರಿಸಿದ್ದು, ಒಂದು ಸೆಕೆಂಡೂ ಅತ್ತಿತ್ತ ಜರುಗದು. ಅಂಥ ಕಡೆ ಒಟ್ಟು ಅಕ್ಷರ ಸರಿಯಾದರೆ ಸಾಲದು, ಪ್ರತಿ ದೃಶ್ಯದ ಅಕ್ಷರವೂ ಸರಿಯಾಗಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಇಂಗ್ಲಿಷಿನಲ್ಲಿ ಮೊದಲೇ ಕೇಳಿಸುವ 'ತೊಳೆಯಿರಿ' ನಮ್ಮಲ್ಲಿ ಕೈ ನೀರು ಚೆಲ್ಲಿ ಆದ ಮೇಲೆ ಕೇಳಿಸುತ್ತದೆ. ಅದಕ್ಕೆ ಪರಿಹಾರ ಉದ್ದ ವಾಕ್ಯವನ್ನು ಮುರಿಯುವುದು. "ಮೊದಲು ಕೆಚ್ಚಲು ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ." ಹೀಗೆ ಮಾಡಿದರೆ ಕೆಲಸ ಮೊದಲು, ವಿವರ ಆಮೇಲೆ.

ಅಂಕಿಗಳ ಬಗ್ಗೆ ಎಚ್ಚರ ಇರಲೇಬೇಕು. ಕಾಗದದ ಮೇಲೆ ₹24,500 ಎಂಬುದು ಒಂದೇ ಪದದಷ್ಟು ಜಾಗ. ಬಾಯಲ್ಲಿ ಅದು 'ಇಪ್ಪತ್ತನಾಲ್ಕು ಸಾವಿರದ ಐನೂರು ರೂಪಾಯಿ', 15 ಅಕ್ಷರ, ಮೂರು ಸೆಕೆಂಡ್. ಹತ್ತು ಅಂಕಿಯ ಮೊಬೈಲ್ ನಂಬರಿಗೆ ಇಪ್ಪತ್ತಕ್ಕೂ ಹೆಚ್ಚು ಅಕ್ಷರ. ಬರೆದುಕೊಳ್ಳುವವರಿಗೆ ಅನುಕೂಲವಾಗುವಂತೆ ನಡುವೆ ನಿಲ್ಲಿಸಿ ಹೇಳಿದರೆ ಆರು ಸೆಕೆಂಡ್ ಹಿಡಿಯುತ್ತದೆ. ರೇಡಿಯೊ ಆಗಿದ್ದರೆ ಎರಡು ಸಲ ಹೇಳಲೇಬೇಕಿತ್ತು. ವಿಡಿಯೊದಲ್ಲಿ ಅದು ತೆರೆಯ ಮೇಲೆ ಇರುತ್ತದೆ, ಹೇಳದಿದ್ದರೂ ನಡೆಯುತ್ತದೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ ಅಂಕಿಗಳನ್ನು ಅಕ್ಷರದಲ್ಲೇ ಬರೆಯುವುದು ವಾಸಿ. ಎಣಿಕೆಯೂ ಸರಿಯಾಗುತ್ತದೆ, 'ಅರ್ಧ ಎಚ್‌ಪಿ' ಎನ್ನಬೇಕೋ 'ಸೊನ್ನೆ ಬಿಂದು ಐದು' ಎನ್ನಬೇಕೋ ಎಂದು ಆರ್ಟಿಸ್ಟ್ ಮೈಕಿನ ಮುಂದೆ ಯೋಚಿಸುತ್ತ ನಿಲ್ಲುವುದೂ ತಪ್ಪುತ್ತದೆ.

ಇಲ್ಲಿ ಓದುಗರಲ್ಲಿ ಯಾರಾದರೂ ಕನ್ನಡ ಮೇಷ್ಟರಿದ್ದರೆ ಒಂದು ಆಕ್ಷೇಪ ಎತ್ತಬಹುದು. ಅಕ್ಷರವೆಲ್ಲ ಒಂದೇ ಉದ್ದವೇ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಶಾಲೆಯಲ್ಲಿ ಪ್ರಸ್ತಾರ ಹಾಕಿಸಲಿಲ್ಲವೇ? ಹೌದು. 'ಹಸುವಿಗೆ' ನಾಲ್ಕು ಅಕ್ಷರ ನಾಲ್ಕು ಮಾತ್ರೆ, 'ಕಾಯಿಸಿದ್ದಾರೆ' ಐದೇ ಅಕ್ಷರವಾದರೂ ಎಂಟು ಮಾತ್ರೆ. ಕಾಲವನ್ನು ಅಳೆಯುವ ಸಾಧನ ನಮ್ಮ ಛಂದಸ್ಸಿನಲ್ಲಿ ಮೊದಲಿನಿಂದ ಇದೆ. ಒಂದೇ ಸಾಲಿನ, ಐದಾರು ಸೆಕೆಂಡಿನ ಜಾಹೀರಾತಿಗೆ ಮಾತ್ರೆ ಎಣಿಸಿದರೆ ಇನ್ನೂ ಹತ್ತಿರ ಬರಬಹುದು. ಆದರೆ ಗದ್ಯ ಓದುವಾಗ ಗುರು ಎಲ್ಲ ಸಲವೂ ಲಘುವಿನ ಇಮ್ಮಡಿ ಹೊತ್ತು ಹಿಡಿಯುವುದಿಲ್ಲ. 480 ಅಕ್ಷರಗಳ ಉದ್ದಕ್ಕೆ ಲಘು ಗುರುಗಳ ಪ್ರಮಾಣವೂ ಹೆಚ್ಚುಕಡಿಮೆ ಸರಿದೂಗುತ್ತದೆ. ದಿನದ ಕೆಲಸಕ್ಕೆ ಅಕ್ಷರ ಸಾಕು.

ಸೆಕೆಂಡಿಗೆ 5 ಎಂಬ ನನ್ನ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಓದಲಿರುವ ಆರ್ಟಿಸ್ಟಿಗೆ ಸ್ಕ್ರಿಪ್ಟಿನ ಆರೇಳು ಸಾಲು ಕಳಿಸಿ, ಫೋನಿನಲ್ಲೇ ಓದಿ ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಅಕ್ಷರಗಳನ್ನು ಸೆಕೆಂಡಿನಿಂದ ಭಾಗಿಸಿದರೆ ಅವರ ವೇಗ ಸಿಗುತ್ತದೆ. ಒಬ್ಬರದು 4.6 ಬರಬಹುದು, ಇನ್ನೊಬ್ಬರದು 5.7. 96 ಸೆಕೆಂಡಿಗೆ ಇವೆರಡರ ವ್ಯತ್ಯಾಸ ನೂರು ಅಕ್ಷರದಷ್ಟು, ಅಂದರೆ ಒಂದು ದೃಶ್ಯಕ್ಕೂ ಹೆಚ್ಚು. ಬರೆದವರು ತಾವೇ ಓದಿ ನೋಡುವುದಾದರೆ ಗಟ್ಟಿಯಾಗಿ, ನಿಂತುಕೊಂಡು, ಸದ್ದು ಬಂದ್ ಮಾಡಿದ ವಿಡಿಯೊ ಮುಂದಿಟ್ಟುಕೊಂಡು ಓದಬೇಕು. ಮನಸ್ಸಿನಲ್ಲಿ ಓದಿಕೊಂಡದ್ದು ಯಾವಾಗಲೂ ಬೇಗ ಮುಗಿಯುತ್ತದೆ, ಅದಕ್ಕೆ ಉಸಿರು ಬೇಕಿಲ್ಲ.

ಅಕ್ಷರ ಜಾಸ್ತಿಯಾದ ಸ್ಕ್ರಿಪ್ಟನ್ನು ದುಡಿಸಿ ಓದಿಸಿದರೆ ಕೇಳಿದ ಕೂಡಲೇ ಗೊತ್ತಾಗುತ್ತದೆ. ಮೊದಲು ಕೆಡುವುದು ಪದದ ಕೊನೆ. '-ತ್ತದೆ' ಎಂಬುದು '-ತ್ತೆ' ಆಗಿ, ಆಮೇಲೆ ಬರೀ 'ತ್' ಆಗಿ ಕರಗುತ್ತದೆ. ಆಮೇಲೆ ಪೂರ್ಣವಿರಾಮಗಳು ಅಲ್ಪವಿರಾಮಗಳಾಗುತ್ತವೆ, ಎಲ್ಲ ವಾಕ್ಯವೂ ಒಂದೇ ರಾಗ ಹಿಡಿಯುತ್ತದೆ. ಕಡೆಗೆ ಎಡಿಟರ್ ಉಸಿರಿನ ಜಾಗಗಳನ್ನು ಕತ್ತರಿಸಿ ಅಂಟಿಸುತ್ತಾರೆ. ಅಲ್ಲಿಗೆ ಮನುಷ್ಯರು ಮಾತಾಡುತ್ತಿದ್ದಾರೆ ಅನ್ನಿಸುವುದೇ ನಿಲ್ಲುತ್ತದೆ. ಸಾಫ್ಟ್‌ವೇರಿನಲ್ಲಿ ದನಿಯ ವೇಗವನ್ನು ಶೇ 4-5ರಷ್ಟು ಏರಿಸಿದರೆ ಹೆಚ್ಚಿನವರಿಗೆ ಗೊತ್ತಾಗದು. ಅದರಿಂದ 96 ಸೆಕೆಂಡಿನಲ್ಲಿ ನಾಲ್ಕು ಸೆಕೆಂಡ್ ಸಿಗಬಹುದು. ಮೂರೂವರೆ ನಿಮಿಷದ್ದನ್ನು ಎರಡಕ್ಕೆ ಇಳಿಸುವ ಯಂತ್ರ ಅದಲ್ಲ.

ತುಂಬಾ ಕಡಿಮೆ ಬರೆದರೂ ತೊಂದರೆಯಿದೆ, ಆದರೆ ಅದು ಅಪರೂಪ. ಖಾಲಿ ಜಾಗ ಸಂಗೀತಕ್ಕೆ ಸಿಗುತ್ತದೆ, ಯಾರೂ ದೂರುವುದಿಲ್ಲ.

ದೂರು ಬರುವುದು ಇನ್ನೊಂದು ದಿಕ್ಕಿನಿಂದ. 480 ಅಕ್ಷರ ಸರಿಹೋಗಿ, ಆರ್ಟಿಸ್ಟ್ ಮೈಕಿನ ಮುಂದೆ ಕುಳಿತ ಮೇಲೆ ಕ್ಲೈಂಟ್ ಕಡೆಯಿಂದ ಫೋನ್ ಬರುತ್ತದೆ: "ಒಂದೇ ಒಂದು ಲೈನ್ ಸೇರಿಸಿಬಿಡಿ ಮೇಡಂ, ಎರಡು ವರ್ಷದ ವಾರಂಟಿ, ರಾಜ್ಯದೆಲ್ಲೆಡೆ ಸರ್ವಿಸ್ ಅಂತ." ಅದು ಐದೇ ಪದ, 16 ಅಕ್ಷರ, 3.2 ಸೆಕೆಂಡ್. ಈಗ ಕೇಳಬೇಕಾದ ಪ್ರಶ್ನೆ ಯಾವ ದೃಶ್ಯದಿಂದ 16 ಅಕ್ಷರ ತೆಗೆಯೋಣ ಎಂದು. ಕೆಚ್ಚಲು ಒರೆಸುವುದನ್ನು ತೆಗೆಯುವ ಹಾಗಿಲ್ಲ, ಅದು ಹಸುವಿನ ಆರೋಗ್ಯದ ಮಾತು. ಮೊದಲ ಒಂದೆರಡು ಧಾರೆ ಹಾಲನ್ನು ಬೇರೆ ಬಟ್ಟಲಿಗೆ ಕರೆದು ಗಂಟುಗಂಟಾಗಿದೆಯೇ ನೋಡಿ ಎನ್ನುವುದನ್ನೂ ತೆಗೆಯುವ ಹಾಗಿಲ್ಲ, ಕೆಚ್ಚಲು ಬಾವು ಗೊತ್ತಾಗುವುದೇ ಅದರಿಂದ. ಕಡೆಗೆ ಸಾಮಾನ್ಯವಾಗಿ ಹೋಗುವುದು 'ಆಧುನಿಕ ತಂತ್ರಜ್ಞಾನದ' ಎಂಬಂಥ, ಯಾವ ಯಂತ್ರಕ್ಕಾದರೂ ಹೊಂದುವ ವಿಶೇಷಣ. ಈ ಎರಡು ಪದಗಳಲ್ಲೇ 9 ಅಕ್ಷರ ಇವೆ. ಇಲ್ಲದಿದ್ದರೆ ವಾರಂಟಿಯನ್ನು ಕೊನೆಯ 8 ಸೆಕೆಂಡಿನಲ್ಲಿ ಫೋನ್ ನಂಬರಿನ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿ ಎಂದು ಎಡಿಟರಿಗೆ ಹೇಳಿದರಾಯಿತು. ಹಾಗೆ ಹಾಕಿದ್ದನ್ನು ಓದಲೂ ನೋಡುಗರಿಗೆ ಎರಡು ಮೂರು ಸೆಕೆಂಡ್ ಬೇಕು, ಆ ಹೊತ್ತಿನಲ್ಲಿ ದನಿ ಬೇರೇನನ್ನೂ ಹೇಳುತ್ತಿರಬಾರದು.